ಧನ್ಯವಾದ ಕಂಪನಿಗಲ್ಲ, ಶಿಕ್ಷಕರಿಗೆ ತಲುಪಬೇಕು

ನೋಟ್‌ಬುಕ್ ತಯಾರಿಸುವ ಕಂಪನಿಯೊಂದಕ್ಕಾಗಿ ನಾನು ಶಿಕ್ಷಕರ ದಿನದ ಪ್ರಚಾರ ರೂಪಿಸಿದೆ. ನೋಟ್‌ಬುಕ್ ವ್ಯಾಪಾರದ ಭರಾಟೆ ಮೇ, ಜೂನ್‌ಗೇ ಮುಗಿದಿರುತ್ತದೆ. ಸೆಪ್ಟೆಂಬರ್ 5ರ ಹೊತ್ತಿಗೆ ಮಕ್ಕಳು ಕಂಪನಿಯ ಹೆಸರನ್ನು ಮರೆತಿರುತ್ತಾರೆ, ಅದನ್ನು ನೆನಪಿಸಬೇಕು ಎಂಬುದು ಮಾರಾಟ ವಿಭಾಗದ ಬಯಕೆ. ಮಕ್ಕಳು ಧನ್ಯವಾದ ಬರೆದು ಕಂಪನಿಗೆ ಕಳುಹಿಸಲಿ, ಉತ್ತಮವಾದವುಗಳಿಗೆ ಬಹುಮಾನ ಕೊಡೋಣ ಎಂದರು. ನಾನು ಒಪ್ಪಲಿಲ್ಲ. ಶಿಕ್ಷಕರಿಗೆ ಬರೆದದ್ದು ಕಂಪನಿಯ ಗೋದಾಮಿನಲ್ಲಿ ಕುಳಿತರೆ ಅದು ಧನ್ಯವಾದವಲ್ಲ, ಪ್ರಬಂಧ ಸ್ಪರ್ಧೆ. ಪತ್ರ ನೇರವಾಗಿ ಶಿಕ್ಷಕರ ಕೈಗೇ ಹೋಗಬೇಕೆಂದು ಹಟ ಹಿಡಿದೆ.

ಮೊದಲು ಎದುರಾದದ್ದು, ಮಕ್ಕಳಿಗೆ ಏನನ್ನು ಕೇಳಬೇಕು ಎಂಬ ಪ್ರಶ್ನೆ. ಅಚ್ಚಿಗೆ ಹೋಗುವ ಮೊದಲು ಪೋಷಕರ ಒಪ್ಪಿಗೆ ಪಡೆದು, ಪರಿಚಯದ ಕೆಲವು ಮಕ್ಕಳಿಂದ ಬರೆಸಿ ನೋಡಿದೆ. ‘ನಿಮ್ಮ ಶಿಕ್ಷಕರಿಗೆ ಧನ್ಯವಾದ ಹೇಳಿ’ ಎಂದಾಗ ಎಲ್ಲರೂ ‘ಗುರುಬ್ರಹ್ಮ ಗುರುವಿಷ್ಣು’ ಎಂದೇ ಆರಂಭಿಸಿದರು. ನಡುವೆ ದೀಪದಂತೆ ಉರಿಯುವ ಗುರು, ಕೊನೆಗೆ ಕೋಟಿ ನಮನ. ಹೆಸರು ಬದಲಿಸಿದರೆ ಯಾವ ಶಿಕ್ಷಕರಿಗೂ ಸಲ್ಲುವ ಪತ್ರಗಳು. ಆದ್ದರಿಂದ ಪ್ರಶ್ನೆಯಲ್ಲಿ ಎರಡು ಬದಲಾವಣೆ ಮಾಡಿದೆ. ಪತ್ರ ಈಗಿನ ತರಗತಿಯ ಶಿಕ್ಷಕರಿಗಲ್ಲ, ಹಿಂದಿನ ಯಾವುದಾದರೂ ತರಗತಿಯವರಿಗೆ. ಅಂಕ ಹಾಕುವವರಿಗೆ ಬರೆಯುವಾಗ ಮಗು ಅವರನ್ನು ಮೆಚ್ಚಿಸಲು ಬರೆಯುತ್ತದೆ. ಹಳೆಯ ಶಿಕ್ಷಕರಿಗೆ ಬರೆಯುವಾಗ ಆ ಭಯವಿಲ್ಲ. ಎರಡನೆಯದು ಪ್ರಶ್ನೆಯ ಮಾತು: ‘ಮೊದಲು ನಿನಗೆ ಬಾರದಿದ್ದ, ಅವರು ಕಲಿಸಿದ ಮೇಲೆ ಬಂದ ಒಂದು ಸಂಗತಿ ಯಾವುದು? ಹೇಗೆ ಕಲಿಸಿದರು?’

ಏಳನೆಯ ತರಗತಿಯ ಹುಡುಗಿಯೊಬ್ಬಳು ಮೂರನೆಯ ತರಗತಿಯ ಟೀಚರ್‌ಗೆ ಬರೆದಳು. ಕಳೆಯುವ ಲೆಕ್ಕದಲ್ಲಿ ದಶಕದಿಂದ ಸಾಲ ತರುವುದು ಅವಳ ತಲೆಗೆ ಹತ್ತಿರಲಿಲ್ಲವಂತೆ. ಟೀಚರ್ ಹುಣಸೆಬೀಜಗಳನ್ನು ಹತ್ತು ಹತ್ತರಂತೆ ಪೊಟ್ಟಣ ಕಟ್ಟಿಸಿ, ‘ಬಿಡಿ ಬೀಜ ಸಾಲದಿದ್ದರೆ ಒಂದು ಪೊಟ್ಟಣ ಬಿಚ್ಚು’ ಎಂದರಂತೆ. ಈ ಪತ್ರದಲ್ಲಿ ಧನ್ಯವಾದ ಎಂಬ ಪದವೇ ಇರಲಿಲ್ಲ. ಆದರೆ ಓದಿದ ಟೀಚರ್‌ಗೆ ತನ್ನ ಯಾವ ಪಾಠ ಫಲಿಸಿತು ಎಂದು ತಿಳಿಯುತ್ತದೆ. ಆಗಲೇ ಪ್ರಶ್ನೆಯನ್ನು ಅಂತಿಮಗೊಳಿಸಿದೆ.

ಮುಂದಿನದು ಕಾಗದ. ವಿನ್ಯಾಸಕರು ಹೊಳೆಯುವ ಆರ್ಟ್ ಕಾರ್ಡ್ ತಂದಿದ್ದರು. ಅದರ ಮೇಲೆ ಜೆಲ್ ಪೆನ್ನಿನ ಶಾಯಿ ಬೇಗ ಒಣಗುವುದಿಲ್ಲ, ಅಂಗೈ ತಾಗಿದರೆ ಅಕ್ಷರ ಬಳಿದುಕೊಳ್ಳುತ್ತದೆ. ಬದಲಿಗೆ ಹೊಳಪಿಲ್ಲದ, ಶಾಯಿ ಹೀರುವ 100 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ ಆರಿಸಿದೆ. ಗೆರೆಗಳ ನಡುವೆ 10 ಮಿಲಿಮೀಟರ್ ಬಿಡಿಸಿದೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಇಂಗ್ಲಿಷ್ ಬರವಣಿಗೆಗೆ ಸಾಲುವ ಅಂತರ ಮಕ್ಕಳ ಕನ್ನಡಕ್ಕೆ ಇಕ್ಕಟ್ಟಾಗುತ್ತದೆ. ಪೋಸ್ಟ್‌ಕಾರ್ಡಿನ ಬದಲು ಮಡಚಿ ಅಂಟಿಸುವ ಪತ್ರ ಮಾಡಿಸಿದ್ದಕ್ಕೂ ಕಾರಣವಿದೆ. ತೆರೆದ ಕಾರ್ಡು ಶಾಲೆಯ ಕಚೇರಿಯಲ್ಲಿ ಹತ್ತು ಜನರ ಕೈ ದಾಟುತ್ತದೆ. ತಾನು ದಡ್ಡನಾಗಿದ್ದೆ ಎಂದು ಬರೆಯುವ ಮಗುವಿಗೆ ಮರೆ ಬೇಕು.

ಕಂಪನಿಯ ಲೋಗೊ ಹಿಂಬದಿಯಲ್ಲಿ, ಚಿಕ್ಕದಾಗಿ. ಅಲ್ಲಿಯೇ ಎರಡು ಸಾಲು ರಾಧಾಕೃಷ್ಣನ್ ಅವರ ಬಗ್ಗೆ: 1921ರಲ್ಲಿ ಅವರು ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದರು. ಸೆಪ್ಟೆಂಬರ್ 5 ಅವರ ಜನ್ಮದಿನ ಎಂದಷ್ಟೇ ತಿಳಿದ ಮಕ್ಕಳಿಗೆ ಈ ಸಂಗತಿ ಹೊಸದು.

ಅಂಚೆಚೀಟಿಗಳನ್ನು ನಾವೇ ಅಂಟಿಸಿದೆವು. ಚೀಟಿಯ ಬದಲು ಫ್ರಾಂಕಿಂಗ್ ಯಂತ್ರದಲ್ಲಿ ಅಂಚೆವೆಚ್ಚದ ಮುದ್ರೆ ಹಾಕಿಸಿದರೆ ಕೆಲಸ ಹಗುರ. ಆದರೆ ಆ ಮುದ್ರೆಯಲ್ಲಿ ದಿನಾಂಕವಿರುತ್ತದೆ, ಮಗು ಎಂದೋ ಡಬ್ಬಿಗೆ ಹಾಕುವ ಪತ್ರಕ್ಕೆ ಅದು ಹೊಂದುವುದಿಲ್ಲ. ಶಿಕ್ಷಕರಿಗೆ ವರ್ಗಾವಣೆ ಆಗುತ್ತಲೇ ಇರುತ್ತದೆಯಲ್ಲ, ಅದಕ್ಕಾಗಿ ವಿಳಾಸದ ಕೆಳಗೆ ‘ವರ್ಗವಾಗಿದ್ದರೆ ದಯವಿಟ್ಟು ಈಗಿನ ಶಾಲೆಗೆ ಕಳುಹಿಸಿಕೊಡಿ’ ಎಂದು ಮುಖ್ಯೋಪಾಧ್ಯಾಯರನ್ನು ಕೋರಿದೆವು. ಆದರೂ ಕೆಲವು ಪತ್ರಗಳು ನಮ್ಮ ಕಚೇರಿಗೆ ಮರಳಿದವು. ಹೆಚ್ಚಿನವುಗಳಲ್ಲಿ ಶಾಲೆಯ ಹೆಸರಿತ್ತು, ಊರು ಮತ್ತು ಪಿನ್‌ಕೋಡ್ ಇರಲಿಲ್ಲ. ಪಿನ್‌ಕೋಡಿಗೆ ಆರು ಚೌಕ ಅಚ್ಚು ಮಾಡಿದರೆ ಸಾಲದು, ತಾಲ್ಲೂಕಿಗೂ ಪ್ರತ್ಯೇಕ ಸಾಲು ಬೇಕು.

ಪತ್ರಗಳನ್ನು ಶಾಲೆಗಳ ಮೂಲಕ ಹಂಚಲಿಲ್ಲ. ತರಗತಿಯಲ್ಲಿ ಹಂಚಿದರೆ ಒಕ್ಕಣೆ ಕಪ್ಪುಹಲಗೆಯ ಮೇಲೆ ಬರುತ್ತದೆ, ಎಲ್ಲರೂ ನಕಲು ಮಾಡುತ್ತಾರೆ. ಸ್ವಾತಂತ್ರ್ಯ ದಿನಾಚರಣೆ ಮುಗಿಯುತ್ತಿದ್ದಂತೆ ಪುಸ್ತಕದಂಗಡಿಗಳಿಗೆ ಕೊಟ್ಟು, ಪೆನ್ನು ಕೊಳ್ಳಲು ಬಂದ ಮಗುವಿಗೂ ಉಚಿತವಾಗಿ ಕೊಡಿ ಎಂದೆವು. ಆಗಸ್ಟ್ 25ರೊಳಗೆ ಡಬ್ಬಿಗೆ ಹಾಕಬೇಕೆಂದು ಪತ್ರದ ಮೇಲೇ ದಪ್ಪಕ್ಷರದಲ್ಲಿತ್ತು.

ಮಾರಾಟ ವಿಭಾಗದೊಂದಿಗೆ ಬಹಳ ಎಳೆದಾಡಿದ್ದು ಮೊಬೈಲ್ ಸಂಖ್ಯೆಯ ವಿಷಯಕ್ಕೆ. ಪ್ರತಿ ಮಗುವಿನ ಮನೆಯ ಸಂಖ್ಯೆ ಬರೆಸಿಕೊಳ್ಳೋಣ ಎಂದರು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅಂಗಡಿಯಲ್ಲಿ ಕೈಗಿತ್ತ ಕಾಗದದಲ್ಲಿ ಅದನ್ನು ಪಡೆಯುವುದು ಹೇಗೆ? ಕಾಯ್ದೆ ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಹಾಗಾದರೆ ಫಲ ಅಳೆಯುವುದು ಹೇಗೆಂದು ಕೇಳಿದರು. ಪತ್ರದೊಳಗೆ ಶಿಕ್ಷಕರು ಹರಿದು ಇಟ್ಟುಕೊಳ್ಳಬಹುದಾದ ಚಿಕ್ಕ ಚೀಟಿ ಸೇರಿಸಿದೆ. ಇಷ್ಟವಿದ್ದರೆ ನಮಗೆ ಬರೆಯಿರಿ ಎಂಬ ಮಾತು, ನಮ್ಮ ವಿಳಾಸ, ಅಷ್ಟೇ. ಹಾಗೆ ಬರೆದವರು ಒಟ್ಟು ಪತ್ರಗಳಿಗೆ ಹೋಲಿಸಿದರೆ ಬಹಳ ಕಡಿಮೆ, ಇದರಿಂದ ಮಾರಾಟ ಎಷ್ಟು ಏರಿತೆಂದು ಹೇಳಲಾಗದು. ಆದರೆ ಬರೆದವರಲ್ಲಿ ಹಲವರು ಕೇಳಿದ್ದು ಒಂದನ್ನೇ: ತಮ್ಮ ಗುರುಗಳಿಗೆ ಬರೆಯಲು ತಮಗೂ ಒಂದು ಖಾಲಿ ಪತ್ರ ಸಿಗುತ್ತದೆಯೇ ಎಂದು. ಅಂಗಡಿಗಳಿಂದ ಮರಳಿದ್ದ ಪತ್ರಗಳನ್ನು ಅವರಿಗೆ ಕಳುಹಿಸಿದೆವು.