ಮಳೆಗಾಲದ ಕೊಬ್ಬರಿಯಿಂದ ಹುಟ್ಟಿದ ನಮ್ಮ ಎಣ್ಣೆ ಗಾಣ

ಉಡುಪಿಯ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಮಾಡಿಸಿದ ತೆಂಗಿನೆಣ್ಣೆ ಕೆಲವೇ ವಾರಗಳಲ್ಲಿ ಕಮಟು ವಾಸನೆ ಹಿಡಿಯುತ್ತಿತ್ತು. ಎಲ್ಲರೂ ಗಾಣವನ್ನೇ ದೂರುತ್ತಿದ್ದರೂ ದೋಷವಿದ್ದದ್ದು ಕೊಬ್ಬರಿಯಲ್ಲಿ. ಹಸಿ ತಿರುಳಿನ ಸುಮಾರು ಅರ್ಧ ತೂಕ ನೀರೇ ಆಗಿದ್ದು, ಅದು ಶೇ. 6ರಷ್ಟಕ್ಕೆ ಇಳಿಯದಿದ್ದರೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟೇ ಎಣ್ಣೆಯ ಕೊಬ್ಬನ್ನು ಒಡೆದು ಹುಳಿಯಾಗಿಸುತ್ತದೆ. ಗಂಧಕದ ಹೊಗೆ ಕೊಟ್ಟರೆ ಕೊಬ್ಬರಿ ಬೆಳ್ಳಗೆ ಕಾಣುತ್ತದೆಯೇ ಹೊರತು ಒಳಗಿನ ನೀರು ಹೋಗುವುದಿಲ್ಲ.

ಆಟಿಯ ಮಳೆಯಲ್ಲಿ ಅಂಗಳದ ಬಿಸಿಲನ್ನು ನಂಬುವಂತಿಲ್ಲವಾದ್ದರಿಂದ ನಾವು ಮೊದಲು ಕಟ್ಟಿದ್ದು ಗಾಣವನ್ನಲ್ಲ, ಒಣಗಿಸುವ ಕೋಣೆಯನ್ನು. ಒಲೆಗೆ ಗೆರಟೆ ಹಾಕುತ್ತೇವೆ. ಹೊಗೆ ಕೊಳವೆಯ ಮೂಲಕ ಹೊರಗೆ ಹೋಗಿ, ಬಿಸಿಗಾಳಿ ಮಾತ್ರ ತಟ್ಟೆಗಳ ನಡುವೆ ಹಾಯುತ್ತದೆ. ಬೇಗ ಮುಗಿಸುವ ಆಸೆಯಿಂದ ಆರಂಭದಲ್ಲೇ ಉರಿ ಹೆಚ್ಚಿಸಿದರೆ ಮೇಲ್ಮೈ ಗಟ್ಟಿಯಾಗಿ ಒಳಗಿನ ತೇವ ಅಲ್ಲಿಯೇ ಉಳಿಯುತ್ತದೆ; ಆದ್ದರಿಂದ ಶಾಖವನ್ನು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಇಡುತ್ತೇವೆ. ತಟ್ಟೆ ಇಳಿಸುವಾಗ ದಪ್ಪನೆಯ ಹೋಳೊಂದನ್ನು ಮುರಿದು ನೋಡಬೇಕು: ಒಣಗಿದ್ದರೆ ಟಪ್ಪನೆ ಮುರಿಯುತ್ತದೆ, ಬಾಗಿದರೆ ಮತ್ತೆ ಒಳಗಿಡಬೇಕು. ತೆಳು ಹೋಳನ್ನು ಪರೀಕ್ಷಿಸಿದರೆ ಮೋಸಹೋಗುತ್ತೇವೆ, ಏಕೆಂದರೆ ಅದು ಮೊದಲೇ ಒಣಗಿರುತ್ತದೆ.

ಹೀಗೆ ಒಣಗಿಸಿದ ಮೇಲೆ ಮನೆಯ ಎಣ್ಣೆಯ ಕಮಟು ನಿಂತಿತು; ನೆರೆಯವರೂ ಕಾಯಿ ತಂದುಕೊಡಲಾರಂಭಿಸಿದ್ದರಿಂದ ಅದು ಉದ್ಯಮವಾಯಿತು. ಬೂಷ್ಟು ಹಿಡಿದ ಹೋಳನ್ನು ಕೆರೆದು ಗಾಣಕ್ಕೆ ಹಾಕುವುದಿಲ್ಲ, ಗಂಧಕ ಹಾಕಿದ ಕೊಬ್ಬರಿ ಕೊಳ್ಳುವುದಿಲ್ಲ. ಇದರಿಂದ ಮಳೆಗಾಲದಲ್ಲಿ ಉತ್ಪಾದನೆ ಕುಗ್ಗುತ್ತದೆ, ಬೆಲೆಯೂ ತುಸು ಏರುತ್ತದೆ. ಅದನ್ನು ಗಿರಾಕಿಗಳಿಗೆ ಮೊದಲೇ ತಿಳಿಸುತ್ತೇವೆ.