ಲಾಭ ನೋಡುವಾಗ ಈ ಮೂರು ಖರ್ಚು ಕಳೆಯಿರಿ

ಪರ್ಪೆಚುವಲ್ ಫ್ಯೂಚರ್ಸ್ ಮಾಡುವವರು ಒಂದು ವಿಷಯ ಗಮನಿಸಿ. ಶುಲ್ಕ ಮತ್ತು ಫಂಡಿಂಗ್ ಲೆಕ್ಕ ಹಾಕುವುದು ನೀವಿಟ್ಟ ಮಾರ್ಜಿನ್ ಮೇಲಲ್ಲ, ಪೊಸಿಷನ್‌ನ ಪೂರ್ತಿ ಮೊತ್ತದ ಮೇಲೆ.

ಒಂದು ಉದಾಹರಣೆ ನೋಡೋಣ. 1,000 ಡಾಲರ್ ಮಾರ್ಜಿನ್, 10 ಪಟ್ಟು ಲಿವರೇಜ್, ಅಂದರೆ 10,000 ಡಾಲರ್ ಲಾಂಗ್. ಬೆಲೆ ಅರ್ಧ ಶೇಕಡಾ ಏರಿತು. ಚಾರ್ಟ್ ಪ್ರಕಾರ 50 ಡಾಲರ್ ಲಾಭ.

ಆದರೆ ಮಾರ್ಕೆಟ್ ಆರ್ಡರ್ ಹಾಕಿದಾಗ 100.00 ಇದ್ದ ಬೆಲೆ, ಕೈಗೆ ಸಿಕ್ಕಿದ್ದು 100.04ಕ್ಕೆ. ಮಾರುವಾಗಲೂ ಅಷ್ಟೇ ಜಾರಿತು ಅಂದುಕೊಳ್ಳಿ. ಸ್ಲಿಪೇಜ್‌ಗೆ 8 ಡಾಲರ್ ಹೋಯಿತು. ಟೇಕರ್ ಶುಲ್ಕ 0.05% ಇದ್ದರೆ ಎರಡೂ ಕಡೆ ಸೇರಿ 10. ಫಂಡಿಂಗ್ 8 ಗಂಟೆಗೆ 0.01%, ಮೂರು ದಿನ ಇಟ್ಟರೆ ಒಂಬತ್ತು ಸಲ, 9 ಡಾಲರ್. ಉಳಿದಿದ್ದು ಬರೀ 23!

ಇಲ್ಲಿ ಜಾಸ್ತಿ ಜನ ಎಡವುವ ಜಾಗ ಸ್ಲಿಪೇಜ್. ಅದು ಸ್ಟೇಟ್‌ಮೆಂಟ್‌ನಲ್ಲಿ ಬೇರೆ ಸಾಲಾಗಿ ಬರುವುದಿಲ್ಲ, ಫಿಲ್ ಬೆಲೆಯೊಳಗೇ ಸೇರಿರುತ್ತದೆ. ಫಿಲ್ ಬೆಲೆಯಿಂದ ಲಾಭ ಲೆಕ್ಕ ಹಾಕಿದ್ದರೆ ಮತ್ತೆ ಕಳೆಯಬೇಡಿ. ಎಷ್ಟು ಜಾರಿತು ಅಂತ ತಿಳಿಯಲು ಆರ್ಡರ್ ಒತ್ತುವ ಕ್ಷಣದ ಬಿಡ್ ಮತ್ತು ಆಸ್ಕ್ ನಡುವಿನ ಬೆಲೆ ಬರೆದಿಟ್ಟುಕೊಳ್ಳಿ. ಫಂಡಿಂಗ್ ದರ ಮೈನಸ್ ಇದ್ದರೆ ಲಾಂಗ್‌ನವರಿಗೇ ದುಡ್ಡು ಬರುತ್ತದೆ, ಅದನ್ನೂ ಸೇರಿಸಿ.