ಪಾಡ್‌ಕಾಸ್ಟ್ ಕ್ಯಾಪ್ಷನ್‌ನಲ್ಲಿ ಸಮಯ ಬರೆಯುವಾಗ ಇಷ್ಟು ನೋಡಿಕೊಳ್ಳಿ

ಹೊಸದಾಗಿ ಪಾಡ್‌ಕಾಸ್ಟ್ ಶುರು ಮಾಡಿದವರಿಗೆ ಒಂದು ಮಾತು. ಟೈಮ್‌ಸ್ಟ್ಯಾಂಪ್‌ಗಳನ್ನು ಎಡಿಟಿಂಗ್ ಪೂರ್ತಿ ಮುಗಿದ ಫೈಲ್ ಕೇಳಿಯೇ ಬರೆಯಿರಿ. ಹಲಸು ಬೆಳೆಗಾರರೊಬ್ಬರ ಸಂಚಿಕೆಗೆ ನಾನು ಮೊದಲೇ ಬರೆದಿಟ್ಟಿದ್ದೆ. ಆಮೇಲೆ ಶುರುವಿಗೆ 40 ಸೆಕೆಂಡಿನ ಸಂಗೀತ ಸೇರಿಸಿದೆ. ಕಸಿ ಕಟ್ಟುವ ಮಾತು 11:25ರಿಂದ 12:05ಕ್ಕೆ ಹೋಯಿತು, ಉಳಿದವೂ ಅಷ್ಟೇ ಜಾರಿದವು. ಕೇಳುಗರೊಬ್ಬರು ಹೇಳಿದ ಮೇಲೆಯೇ ಗೊತ್ತಾಗಿದ್ದು.

ತಿದ್ದಿದ ಮೇಲೆ ಹೀಗಾಯಿತು:

```
00:00 ಪರಿಚಯ
02:50 ತಳಿ ಆಯ್ಕೆ
12:05 ಕಸಿ ಕಟ್ಟುವುದು
25:10 ಮಾರಾಟ
```

ಯೂಟ್ಯೂಬ್‌ನಲ್ಲಿ ಇವು ಅಧ್ಯಾಯಗಳಾಗಬೇಕಾದರೆ ಮೊದಲನೆಯದು 00:00 ಇರಲೇಬೇಕು. ಕಡಿಮೆ ಅಂದರೂ ಮೂರು ಬೇಕು, ಸಮಯದ ಕ್ರಮದಲ್ಲಿರಬೇಕು, ಪ್ರತಿ ಭಾಗವೂ 10 ಸೆಕೆಂಡಾದರೂ ಇರಬೇಕು. ಪ್ಲೇಯರಿನ ಪಟ್ಟಿ ತುಂಡಾಗಿ ಕಾಣದಿದ್ದರೆ ಇವುಗಳಲ್ಲಿ ಏನಾದರೂ ತಪ್ಪಿದೆಯಾ ಅಂತ ಮೊದಲು ನೋಡಿ.

ಅತಿಥಿ ಪರಿಚಯ ಮೊದಲ ಎರಡು ಸಾಲಿನಲ್ಲೇ ಬರಲಿ, ಮಿಕ್ಕಿದ್ದು ಮಡಚಿಕೊಳ್ಳುತ್ತದೆ ಅಲ್ವಾ. "ಖ್ಯಾತ ಕೃಷಿಕರು" ಅನ್ನುವುದಕ್ಕಿಂತ "ಮೂರು ಎಕರೆಯಲ್ಲಿ ಹಲಸು ಬೆಳೆದು ಹಪ್ಪಳ ಮಾಡಿ ಮಾರುವವರು" ಅಂದರೆ ಜನ ಕೇಳುತ್ತಾರೆ. ಬರೆದದ್ದನ್ನು ಅತಿಥಿಗೆ ಒಮ್ಮೆ ತೋರಿಸಿ.

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಅಲ್ಲಿ ಸುಮ್ನೆ ಉದ್ದದ ಲಿಂಕ್ ತುಂಬಬೇಡಿ. ಅದನ್ನು ಪ್ರೊಫೈಲ್‌ನಲ್ಲಿಟ್ಟು, ಕ್ಯಾಪ್ಷನ್‌ನಲ್ಲಿ ಹಾಗಂತ ಬರೆಯಿರಿ.